ಅರಬ್ಬಿ ಸಂದರ್ಶನದ ಮೊದಲನೇ ಪ್ರಶ್ನೆ

ನನ್ನ ಗಂಡನಿಗೆ ಅರಬ್ಬಿ ಮಾತು ಕಲಿಸಿದವಳು ನಾನು. ಹಾಗೆಂದರೆ ಯಾರೂ ನಂಬುವುದಿಲ್ಲ. ನನಗೇ ಅರಬ್ಬಿ ಬರುವುದಿಲ್ಲ ಎಂಬುದು ಪುಣೆ ಪಕ್ಕದ ನಿಗಡಿಯ ನಮ್ಮ ಚಾಳಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಬರುತ್ತಿದ್ದದ್ದು ಒಂದು ಹಾಳೆಯಷ್ಟು ಪ್ರಶ್ನೆ, ಒಂದು ಹಾಳೆಯಷ್ಟು ಉತ್ತರ. ಅಷ್ಟರಲ್ಲೇ ನಾನು ಮಾಸ್ತರಿಣಿಯಾದೆ, ಮತ್ತು ಆ ಮಾಸ್ತರಿಕೆಯಲ್ಲಿ ಒಂದೇ ಒಂದು ಕಡೆ ಎಡವಿದೆ. ಎಡವಿದ್ದೂ ಎಲ್ಲಿ ಅಂತೀರಿ, ಮೊದಲನೇ ಪ್ರಶ್ನೆಯಲ್ಲಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಕಲಬುರ್ಗಿ ಕಡೆಯಿಂದ ಪುಣೆಗೆ ಬಂದವರು. ಇವರು ಐಟಿಐ ಮಾಡಿ ಎಸಿ, ಫ್ರಿಜ್ ರಿಪೇರಿ ಕಲಿತಿದ್ದರು. ಚಾಕಣದ ಒಂದು ಕಾರ್ಖಾನೆಯಲ್ಲಿ ಎಸಿಗಳ ದೇಖರೇಖಿ ನೋಡುವ ಗುತ್ತಿಗೆದಾರನ ಕೈಕೆಳಗೆ ಕೆಲಸ. ಒಂದು ದಿನ ಆ ಗುತ್ತಿಗೆ ಬೇರೆಯವರ ಪಾಲಾಯಿತು, ಇವರು ಮನೆಯ ಪಾಲಾದರು. ಆಮೇಲೆ ಸೈಕಲ್ಲಿಗೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಬಿಡಿ ರಿಪೇರಿಗೆ ಹೋಗತೊಡಗಿದರು. ಬೇಸಿಗೆಯಲ್ಲಿ ಪರವಾಗಿಲ್ಲ. ಆದರೆ ಪುಣೆಯ ಚಳಿಗಾಲದಲ್ಲಿ ಎಸಿ ರಿಪೇರಿಯವನನ್ನು ಯಾರು ಕರೆಯುತ್ತಾರೆ? ಇವರು ಹೊದ್ದುಕೊಂಡು ಕೂತು ನನ್ನ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದರು. ಅದೊಂದು ದೊಡ್ಡ ಕಷ್ಟ.

ಅಂಥದ್ದರಲ್ಲಿ ಪುಣೆಯ ಕ್ಯಾಂಪ್ ಪೇಟೆಯ ಏಜೆಂಟನೊಬ್ಬನಿಂದ ಸುದ್ದಿ ಬಂತು. ಸೌದಿಯ ಕಂಪನಿಯೊಂದಕ್ಕೆ ಎಸಿ ಟೆಕ್ನಿಷಿಯನ್ನರು ಬೇಕು. ಕಾರ್ಖಾನೆಯಲ್ಲಲ್ಲ, ಮನೆಮನೆಗೆ ಹೋಗಿ ರಿಪೇರಿ ಮಾಡುವ ಕೆಲಸ. ಮನೆಯವರ ಜೊತೆ ಅರಬ್ಬಿಯಲ್ಲಿ ನಾಲ್ಕು ಮಾತಾಡಲು ಬರಬೇಕು, ಆದ್ದರಿಂದ ಸಂದರ್ಶನವೂ ಅರಬ್ಬಿಯಲ್ಲೇ. ಮಾಲೀಕನೇ ಖುದ್ದು ಬರುತ್ತಾನೆ. ಏಜೆಂಟ್ ಇನ್ನೊಂದು ಮಾತನ್ನೂ ಹೇಳಿದ್ದ: ಇವರ ವಯಸ್ಸು ಕಂಪನಿ ಇಟ್ಟ ಮಿತಿಯ ಅಂಚಿನಲ್ಲಿತ್ತು, ಈ ಸಲ ತಪ್ಪಿದರೆ ಮುಂದಿನ ಸಲ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷ ಅಲ್ಲಿ ದುಡಿದು ಬಂದರೆ ನಿಗಡಿಯಲ್ಲೇ ಸ್ವಂತ ಅಂಗಡಿ ಹಾಕಬಹುದು ಎಂಬುದು ನಮ್ಮ ಆಸೆ. ಆಸೆ ದೊಡ್ಡದು, ಅವಕಾಶ ಒಂದೇ.

ನಮ್ಮ ಚಾಳಿನ ಕೊನೆಯ ಕೋಣೆಯಲ್ಲಿ ಒಬ್ಬ ಚಾಚಾ ಇದ್ದರು. ನಮ್ಮ ಕಡೆಯವರೇ, ಸೌದಿಯಲ್ಲಿ ಬಹಳ ವರ್ಷ ಡ್ರೈವರ್ ಆಗಿದ್ದು ಮರಳಿ ಬಂದವರು. ಮಾತು ಅರ್ಧ ಉರ್ದು, ಅರ್ಧ ಕನ್ನಡ. ಅವರ ಬಳಿ ಹೋಗಿ ವಿಷಯ ಹೇಳಿದೆವು.

"ಸಂದರ್ಶನದಾಗ ಏನ್ ಕೇಳ್ತಾರ, ಏನ್ ಹೇಳಬೇಕು, ಎಲ್ಲಾ ನನಗ ಗೊತ್ತದ ಬೇಟಿ," ಎಂದರು ಚಾಚಾ. "ಎಲ್ಲಾರಿಗೂ ಅದೇ ಕೇಳ್ತಾರ. ನಾ ಹೇಳ್ತೀನಿ, ನೀ ಕನ್ನಡದಾಗ ಬರ್ಕೋ."

ನಾನು ಪಿಯುಸಿವರೆಗೆ ಓದಿದವಳು, ಬರೆದುಕೊಂಡೆ. ಮಾ ಇಸ್ಮುಕ್ ಅಂದರೆ ನಿನ್ನ ಹೆಸರೇನು. ಅದಕ್ಕೆ ಇಸ್ಮೀ ಅಂದು ಹೆಸರು ಹೇಳಬೇಕು. ಮಿನ್ ಐನ ಅಂತ ಅಂದರೆ ಎಲ್ಲಿಯವನು ನೀನು. ಅನಾ ಮಿನಲ್ ಹಿಂದ್, ಮಿನ್ ಮದೀನತ್ ಪುಣೆ. ನಾನು ಹಿಂದೂಸ್ತಾನದವನು, ಪುಣೆ ಊರಿನವನು. ಮಾ ಮಿಹ್ನತುಕ್, ನಿನ್ನ ಕಸುಬೇನು? ಅನಾ ಫನ್ನೀ ತಕ್ಯೀಫ್, ನಾನು ಎಸಿ ಟೆಕ್ನಿಷಿಯನ್. ಮದುವೆಯಾಗಿದೆಯೇ ಎಂದರೆ ನಅಮ್, ಇಂದೀ ಬಿಂತ್. ಹೌದು, ಒಬ್ಬ ಮಗಳಿದ್ದಾಳೆ. ನಮ್ಮಲ್ಲೇ ಯಾಕೆ ಕೆಲಸ ಬೇಕು ಎಂದರೆ, ನನಗೆ ನನ್ನ ಕೆಲಸ ಇಷ್ಟ, ಇನ್ನೂ ಕಲಿಯಬೇಕೆಂದಿದ್ದೇನೆ ಅನ್ನಬೇಕು. ಯಾವಾಗ ಶುರು ಮಾಡುತ್ತೀ? ವೀಸಾ ಬಂದ ಕೂಡಲೇ.

ಸಂಬಳ ಎಷ್ಟು ಬೇಕು ಎಂಬ ಪ್ರಶ್ನೆ ಬಂದಾಗ ಇವರು ಉತ್ಸಾಹದಿಂದ ಮುಂದೆ ಬಗ್ಗಿದರು. ಚಾಚಾ ಕೈ ಅಡ್ಡ ಹಿಡಿದರು.

"ಅಂಕಿ ಬಾಯಿಗೆ ತರಬ್ಯಾಡ. ಹಸಬ್ ನಿಝಾಮ್ ಅಶ್ಶರಿಕಾ ಅನ್ನು. ಕಂಪನಿ ಕಾಯ್ದೆ ಪ್ರಕಾರ ಅಂತ. ಹಾಂಗಂದ್ರ ಸಾಹೇಬಗ ಖುಷಿ ಆಗ್ತದ."

"ನನಗ ಖುಷಿ ಆಗಬ್ಯಾಡೇನ್ರಿ?" ಎಂದರು ಇವರು.

"ನೀ ಆಮ್ಯಾಲ ಖುಷಿ ಆಗು," ಎಂದರು ಚಾಚಾ.

ಕಸುಬಿನ ಪ್ರಶ್ನೆ ಬಂದಾಗ ಮಾತ್ರ ಇವರು ಚಾಚಾನ ಮಾತನ್ನೂ ಕೇಳಲಿಲ್ಲ. ಎಸಿ ತಂಪು ಕೊಡುತ್ತಿಲ್ಲ, ಏನು ಮಾಡುತ್ತೀ ಎಂಬ ಪ್ರಶ್ನೆ. ಅವ್ವಲನ್ ಉನಝ್ಝಿಫ್ ಅಲ್ ಫಿಲ್ತರ್, ಮೊದಲು ಫಿಲ್ಟರ್ ತೊಳೆಯುತ್ತೇನೆ, ಆಮೇಲೆ ಗ್ಯಾಸ್ ತುಂಬುತ್ತೇನೆ ಎಂದು ಚಾಚಾ ಬರೆಸಿದರು.

"ಗ್ಯಾಸ್ ತಾನಾಗೆ ಖಾಲಿ ಆಗೂದಿಲ್ರಿ ಚಾಚಾ. ಕಡಿಮಿ ಆಗೇದ ಅಂದ್ರ ಎಲ್ಲ್ಯೋ ಲೀಕ್ ಅದ ಅಂತ ಅರ್ಥ. ಪ್ರೆಶರ್ ನೋಡಬೇಕು, ಲೀಕ್ ಹುಡುಕಿ ಮುಚ್ಚಬೇಕು, ಆಮ್ಯಾಲ ಗ್ಯಾಸ್. ಸುಮ್ಮ ತುಂಬಿದ್ರ ಮುಂದಿನ ತಿಂಗಳ ಮತ್ತ ಅವರ ಮನಿಗೇ ಹೋಗಬೇಕಾಗ್ತದ," ಎಂದರು ಇವರು. ಚಾಚಾ ಗೊಣಗುತ್ತಲೇ ಲೀಕಿಗೆ ಅರಬ್ಬಿ ಶಬ್ದ ನೆನಪು ಮಾಡಿಕೊಂಡು ಇನ್ನೊಂದು ಸಾಲು ಸೇರಿಸಿದರು.

ಪಾಠ ಬರೆದದ್ದಾಯಿತು. ಈಗ ಅದು ಇವರ ತಲೆಗೆ ಹೋಗಬೇಕಲ್ಲ! ಇವರಿಗೆ ಓದಿ ನೆನಪಿಟ್ಟುಕೊಳ್ಳುವುದು ಆಗದು. ಕಂಪ್ರೆಸರ್ ಶಬ್ದ ಕೇಳಿಯೇ ರೋಗ ಹೇಳುವವರು. ಏನಿದ್ದರೂ ಕಿವಿಯಿಂದಲೇ ಒಳಗೆ ಹೋಗಬೇಕು. ಹಾಗಾಗಿ ನಾನು ಪ್ರಶ್ನೆಯನ್ನೂ ಹೇಳುವುದು, ಉತ್ತರವನ್ನೂ ಹೇಳುವುದು, ಇವರು ನನ್ನ ಹಿಂದೆ ಹೇಳುವುದು ಎಂದಾಯಿತು. ನಾನು ರೊಟ್ಟಿ ಬಡಿಯುತ್ತಾ ಕೂತರೆ ಇವರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು.

"ಮಾ ಇಸ್ಮುಕ್?" ಎಂದೆ. ಉತ್ತರ ನಾನೇ ಹೇಳಿಕೊಡಬೇಕು. "ಇಸ್ಮೀ..." ಎಂದೆ. ಅಲ್ಲಿಗೆ ನನ್ನ ಬಾಯಿ ಕಟ್ಟಿತು.

ನಮ್ಮ ಮನೆತನದಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಹೆದರಿಸಿ ಕಳಿಸಿದ್ದಳು. ನಾನು ಪಿಯುಸಿ ಓದಿದವಳು, ಅದನ್ನು ನಂಬುತ್ತಿರಲಿಲ್ಲ. ನಂಬುತ್ತಿರಲಿಲ್ಲ ಅಂತ ಹೇಳಿಬಿಡುವ ಧೈರ್ಯವೂ ಇರಲಿಲ್ಲ. ರೇಷನ್ ಅಂಗಡಿಯವನು ಮರಾಠಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಿದ್ದೆ. ಕಾರ್ಡು ಇರದಿದ್ದರೆ ಮಗಳ ಬೆನ್ನಿಗೆ ಒಂದು ತಿವಿತ. ಅವಳು ಅಪ್ಪನ ಹೆಸರನ್ನು ಇಡೀ ಸಾಲಿಗೆ ಕೇಳುವಂತೆ ಕಿರುಚುತ್ತಿದ್ದಳು. ಹೆಸರು ಹೇಳಲು ನಮಗೆ ಇದ್ದದ್ದು ಒಂದೇ ದಾರಿ. ಸೀಮಂತ, ಅರಿಸಿನ ಕುಂಕುಮದಂಥ ಸಮಯದಲ್ಲಿ ಹೆಂಗಸರೆಲ್ಲ ಸೇರಿ ಒತ್ತಾಯ ಮಾಡಿದಾಗ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ಸೇರಿಸಿ ಹೇಳುವುದು. ಅದೂ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಅರ್ಧ ನುಂಗಿಯೇ ಹೇಳುತ್ತಿದ್ದೆ.

"ಯಾಕ ನಿಂತಿ? ಮುಂದ ಹೇಳು," ಎಂದರು ಇವರು ನಗುತ್ತಾ. ಎಲ್ಲ ಗೊತ್ತಿದ್ದೂ ಕೇಳುವ ನಗು.

"ಹೋಗ್ರಿ. ಸ್ವಂತ ಹೆಸರು ಹೇಳಲಿಕ್ಕೆ ನಿಮಗ ಮಾಸ್ತರ ಬೇಕೇನು? ಅದು ನಿಮಗ ಬರ್ತದ. ಮುಂದಿಂದ ಕೇಳ್ರಿ, ಮಿನ್ ಐನ ಅಂತ?"

"ಅರಬ್ಬಿಯೊಳಗ ಒಂದು ಒಡಪು ಕಟ್ಟಿ ಹೇಳು. ಸೌದಿ ಸಾಹೇಬ ಮೆಚ್ಚಿ ನಿನ್ನೇ ಕರ್ಕೊಂಡು ಹೋಗ್ತಾನ."

ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊಡೆದೆ. ಅಂಗಿ ಬೆಳ್ಳಗಾಯಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಹಾಗೇ. ಇಸ್ಮೀ ಅಂದು ತಲೆ ತಗ್ಗಿಸಿ ನಾನು ಸುಮ್ಮನಾಗುತ್ತಿದ್ದೆ, ಒಂದು ಉಸಿರು ಬಿಟ್ಟು ಮುಂದಿನ ಪ್ರಶ್ನೆಗೆ ಹಾರುತ್ತಿದ್ದೆ.

ಅಷ್ಟು ಸಾಲದು ಎಂದು ಕ್ಯಾಸೆಟ್ ಮಾಡಿದೆ. ಖಾಲಿ ಕ್ಯಾಸೆಟ್ ಯಾರು ತರುತ್ತಾರೆ? ಮನೆಯಲ್ಲಿದ್ದ ಭಜನೆ ಕ್ಯಾಸೆಟ್ಟಿನ ಮೇಲಿನ ಎರಡು ತೂತಿಗೆ, ಅಳಿಸಿ ಹೊಸದು ತುಂಬಲು ಬರಲೆಂದು, ಅಂಟುಪಟ್ಟಿ ಹಚ್ಚಿ, ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಮಗಳನ್ನು ಹೊರಗೆ ಕಳಿಸಿ, ಇಡೀ ಪಾಠ ನನ್ನ ದನಿಯಲ್ಲಿ ತುಂಬಿಸಿದೆ. ಮಾ ಇಸ್ಮುಕ್? ಇಸ್ಮೀ... ಅಲ್ಲಿ ನನ್ನ ಬಳೆ ಸದ್ದು, ಒಂದು ಸಣ್ಣ ಕೆಮ್ಮು. ಆಮೇಲೆ ಮಿನ್ ಐನ ಅಂತ? ಎಲ್ಲ ಮುಗಿದು ಹಸಬ್ ನಿಝಾಮ್ ಅಶ್ಶರಿಕಾ ಎಂದ ಮರುಕ್ಷಣವೇ ಹಳೆಯ ಭಜನೆ ತಾಳ ಸಮೇತ ಶುರುವಾಗುತ್ತಿತ್ತು. ಇವರು ಹಲ್ಲುಜ್ಜುವಾಗ, ಸ್ನಾನದ ನೀರು ಕಾಯುವಾಗ, ಫ್ರಿಜ್ಜಿನ ಹಿಂಭಾಗ ಬಿಚ್ಚಿ ಕೂತಾಗ ಅದೇ ಕ್ಯಾಸೆಟ್. ಚಾಳಿನ ಮರಾಠಿ ಮಕ್ಕಳು ಕೂಡ ಅನಾ ಫನ್ನೀ ತಕ್ಯೀಫ್ ಎನ್ನುತ್ತಾ ಲಗೋರಿ ಆಡತೊಡಗಿದವು.

ಸಂದರ್ಶನದ ದಿನ ನಾನೂ ಕ್ಯಾಂಪಿಗೆ ಹೋದೆ. ಯಾವ ಹೆಂಡತಿಯೂ ಹೋಗುವುದಿಲ್ಲ, ಆದರೆ ಬಸ್ಸಿನಲ್ಲಿ ಇನ್ನೊಮ್ಮೆ ಪಾಠ ಒಪ್ಪಿಸಿಕೊಳ್ಳಬೇಕಿತ್ತು. ಏಜೆಂಟನ ಕಚೇರಿ ಮಹಡಿಯ ಮೇಲೆ. ಹೊರಗೆ ಬೆಂಚು, ಒಳಗೆ ಬಾಗಿಲಿಗೆ ಅರ್ಧ ಪರದೆ. ಮಾತೆಲ್ಲ ಹೊರಗೇ ಕೇಳುತ್ತಿತ್ತು. ಸೌದಿಯಿಂದ ಬಂದ ಮಾಲೀಕನ ಗೌರವಕ್ಕೆಂದು ಏಜೆಂಟ್ ಎಸಿಯನ್ನು ಪೂರಾ ತಂಪಿಗಿಟ್ಟಿದ್ದ. ಪಾಪ, ಆ ಮುದುಕ ಪುಣೆಯ ಚಳಿಗೇ ಮಫ್ಲರ್ ಸುತ್ತಿಕೊಂಡಿದ್ದವನು, ಬಂದ ಕೂಡಲೇ ಅದನ್ನು ಬಂದ್ ಮಾಡಿಸಿದ. ಪಕ್ಕದಲ್ಲಿ ಹಿಂದಿಗೆ ತಿರುಗಿಸಿ ಹೇಳಲು ಏಜೆಂಟನ ಒಬ್ಬ ಮನುಷ್ಯ ಕೂತಿದ್ದ.

ನಮಗಿಂತ ಮುಂಚೆ ಹೋದವರೆಲ್ಲ ಹಸಬ್ ನಿಝಾಮ್ ಅಶ್ಶರಿಕಾ ಎಂದೇ ಹೇಳಿದ್ದು ಕೇಳಿಸಿತು. ಚಾಚಾ ಹೇಳಿದ್ದು ಖರೆ, ಎಲ್ಲರಿಗೂ ಅದೇ ಪ್ರಶ್ನೆ. ನನಗೆ ಬಹಳ ಧೈರ್ಯ ಬಂತು. ಇವರನ್ನು ಕರೆದರು. ಅಂಗಿಯ ಕಾಲರ್ ಸರಿಮಾಡಿ ಒಳಗೆ ಕಳಿಸಿದೆ.

ಸಲಾಂ ಆಯಿತು. ಇವರು ವ ಅಲೈಕುಂ ಎಂದರು, ಚೆನ್ನಾಗಿಯೇ ಎಂದರು.

"ಮಾ ಇಸ್ಮುಕ್?" ಮುದುಕನ ದನಿ.

"ಇಸ್ಮೀ..." ಇವರ ದನಿ. ಆಮೇಲೆ ನಿಶ್ಶಬ್ದ. ಒಂದು ಸಣ್ಣ ಕೆಮ್ಮು. ಆಮೇಲೆ ಗಟ್ಟಿಯಾಗಿ, "ಅನಾ ಮಿನಲ್ ಹಿಂದ್, ಮಿನ್ ಮದೀನತ್ ಪುಣೆ!"

ಕೆಮ್ಮನ್ನೂ ಬಿಡದೆ ಕಲಿತಿದ್ದರು!

"ಮಾ ಇಸ್ಮುಕ್?" ಮುದುಕ ಮತ್ತೆ ಕೇಳಿದ.

"ಇಸ್ಮೀ..." ಮತ್ತೆ ನಿಶ್ಶಬ್ದ. ಪರದೆಯ ಸಂದಿಯಿಂದ ನೋಡಿದೆ. ಆರಡಿ ಗಂಡಸು, ಮೀಸೆ ಹೊತ್ತ ಮುಖ, ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಅದು ನನ್ನದೇ ತಲೆ ತಗ್ಗಿಸುವಿಕೆ. ಗಾಬರಿಗೆ ಇವರ ತಲೆಯಿಂದ ಹೆಸರೇ ಹಾರಿಹೋಗಿತ್ತೋ, ಇಸ್ಮೀ ಆದ ಮೇಲೆ ಸುಮ್ಮನಿರುವುದೇ ಉತ್ತರವೆಂದು ನಾಲಿಗೆ ಒಪ್ಪಿಕೊಂಡುಬಿಟ್ಟಿತ್ತೋ, ಇವರಿಗೆ ಇಂದಿಗೂ ಹೇಳಲು ಬರುವುದಿಲ್ಲ.

ಮುದುಕ ಪಾಸ್‌ಪೋರ್ಟ್ ತೆರೆದು ಫೋಟೋ ನೋಡಿದ, ಇವರ ಮುಖ ನೋಡಿದ. ಬೇರೆ ಯಾರದೋ ಪಾಸ್‌ಪೋರ್ಟಿನಲ್ಲಿ ಬಂದವನೇ ಎಂಬ ಅನುಮಾನ ಅವನ ಹುಬ್ಬಿನಲ್ಲೇ ಕಾಣುತ್ತಿತ್ತು. ಏಜೆಂಟನ ಮನುಷ್ಯ ಬೆವರತೊಡಗಿದ. "ಅರೇ, ನಾಮ್ ಬತಾವೋ ನಾ!" ಎಂದು ಗದರಿದ. ಹೋಯಿತು, ಅಂಗಡಿ ಹೋಯಿತು, ಎಲ್ಲ ನನ್ನಿಂದಲೇ ಹೋಯಿತು ಎಂದುಕೊಂಡೆ. ನಾಚಿಕೆ ಎಲ್ಲಿತ್ತೋ, ಪರದೆ ಸರಿಸಿ ಒಳಗೆ ನುಗ್ಗಿದೆ.

"ಭಾಯಿಸಾಬ್, ತಪ್ಪು ನನ್ನದು," ಎಂದು ನನಗೆ ಬರುವ ಹಿಂದಿಯಲ್ಲಿ ಏಜೆಂಟನ ಮನುಷ್ಯನಿಗೆ ಹೇಳಿದೆ. ಪಾಠ ಕಲಿಸಿದ್ದು ನಾನು, ನಮ್ಮಲ್ಲಿ ಗಂಡನ ಹೆಸರು ಹೇಳುವಂತಿಲ್ಲ, ಅದಕ್ಕೇ ಆ ಜಾಗ ಖಾಲಿ ಬಿಟ್ಟೆ, ಇವರು ಖಾಲಿಯನ್ನೂ ಬಾಯಿಪಾಠ ಮಾಡಿದರು ಎಂದೆ. ಅವನು ಹಣೆ ಒತ್ತಿಕೊಳ್ಳುತ್ತಾ ಅರಬ್ಬಿಯಲ್ಲಿ ಹೇಳಿದ. ಮುದುಕ ನನ್ನನ್ನು ನೇರ ನೋಡದೆ ಮೇಜು ನೋಡುತ್ತಾ ಕೇಳಿಸಿಕೊಂಡ. ಅವನ ಮಫ್ಲರ್ ಅಲುಗತೊಡಗಿತು. ಅಳುತ್ತಿದ್ದಾನೇನೋ ಎಂದುಕೊಂಡೆ, ನಗುತ್ತಿದ್ದ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಏನೋ ಉದ್ದಕ್ಕೆ ಹೇಳಿದ. ಏಜೆಂಟನ ಮನುಷ್ಯ ತಿಳಿಸಿದ್ದು ಇಷ್ಟು: ಅವನ ಊರಲ್ಲಿ ಗಂಡಸು ನಾಲ್ಕು ಜನರೆದುರು ಹೆಂಡತಿಯ ಹೆಸರು ಹೇಳುವುದಿಲ್ಲ, ತಾಯಿಯ ಹೆಸರನ್ನೂ ಹೇಳುವುದಿಲ್ಲ. ಶಾಲೆಯಲ್ಲಿ ಯಾರೋ ಅಮ್ಮನ ಹೆಸರು ಕೇಳಿದರೆಂದು ಆ ಮುದುಕ ಸಣ್ಣವನಿದ್ದಾಗ ಹೊಡೆದಾಡಿದ್ದನಂತೆ. ನಿಮ್ಮಲ್ಲಿ ಉಲ್ಟಾ, ಅಷ್ಟೇ ವ್ಯತ್ಯಾಸ ಎಂದನಂತೆ.

ನಾನು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತೆ. ಮುಂದಿನ ಪ್ರಶ್ನೆಗಳಿಗೆ ಇವರು ಪಟಪಟನೆ ಉತ್ತರ ಕೊಟ್ಟರು. ಎಲ್ಲ ನನ್ನದೇ ರಾಗ. ಫಿಲ್ಟರ್ ಆಯಿತು, ಲೀಕ್ ಆಯಿತು. ಲೀಕಿನ ಸಾಲು ಕೇಳಿ ಮುದುಕ "ತಮಾಮ್" ಎಂದ. ಅದರ ಅರ್ಥ ಚಾಚಾ ಹೇಳಿದ್ದರು, ಸರಿಯಾಯಿತು ಅಂತ. ಕಂಪನಿ ಕಾಯ್ದೆಯೂ ಆಯಿತು. ಇನ್ನೇನು ಭಜನೆ ಬರಬೇಕು ಎನ್ನುವಷ್ಟರಲ್ಲಿ ಹಾಳೆಯಲ್ಲಿ ಇಲ್ಲದ ಪ್ರಶ್ನೆಯೊಂದು ಬಂತು. ಇವರಿಗೆ ಅರ್ಥವಾಗಲಿಲ್ಲ. ಹಿಂದಿಯಲ್ಲಿ ತಿಳಿಸಿದರು: ರಿಪೇರಿಗೆ ಹೋದ ಮನೆಯಲ್ಲಿ ಗಂಡಸರಿಲ್ಲ, ಬಾಗಿಲು ತೆರೆದಿದೆ. ಏನು ಮಾಡುತ್ತೀ?

ನಾನು ಸೆರಗು ಹಿಡಿದು ಹಿಂಡತೊಡಗಿದೆ. ಮಾದರಿ ಉತ್ತರವಿಲ್ಲ. ನಾನು ಕಲಿಸಿಲ್ಲ. ಇವರ ಬಳಿ ಅದಕ್ಕೆ ಒಂದೂ ಅರಬ್ಬಿ ಶಬ್ದವಿಲ್ಲ.

ಇವರು ಬಾಗಿಲ ಕಡೆ ತಿರುಗಿದರು. ಪರದೆ ಸರಿಸಿ ಹೊರಗೆ ಬಂದರು. ಕೆಲಸ ಬಿಟ್ಟು ಹೊರಟೇಬಿಟ್ಟರು ಎಂದು ನಾನು ಎದ್ದು ನಿಂತೆ. ಇವರು ನನಗೆ ಕಣ್ಣು ಹೊಡೆದು, ಹೊಸಿಲಿನಾಚೆ ಚಪ್ಪಲಿ ಬಿಟ್ಟು, ಬಾಗಿಲಿಗೆ ಬೆನ್ನು ತಿರುಗಿಸಿ ನಿಂತರು. ಗಂಟಲು ಸರಿಮಾಡಿಕೊಂಡು, ನಮ್ಮೂರಲ್ಲಿ ಯಾರದೇ ಮನೆಯ ಮುಂದೆ ನಿಂತು ಕೂಗುವ ಹಾಗೆ ಕೂಗಿದರು: "ಮನ್ಯಾಗ ಯಾರರೆ ಹಿರ್ಯಾರು ಅದಾರೇನ್ರಿ?" ಆಮೇಲೆ ಆಕಾಶ ನೋಡುತ್ತಾ ಹಾಗೇ ನಿಂತರು. ಒಳಗಿನಿಂದ ಯಾರಾದರೂ ಬಾ ಎನ್ನುವವರೆಗೆ ತಿರುಗಲೂ ಇಲ್ಲ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮುದುಕನೇ ಎದ್ದು ಬಂದು ಪರದೆ ಎತ್ತಿ ಹಿಡಿದು, "ತಫದ್ದಲ್," ಎಂದ. ದಯಮಾಡಿ ಒಳಗೆ ಬಾ ಅಂತ. ಅದೇ ಹೊತ್ತಿಗೆ ಇವರ ಕೆಲಸ ಆಯಿತೆಂದು ನನಗೆ ಗೊತ್ತಾಗಿಹೋಯಿತು. ಮಧ್ಯಾಹ್ನ ಗ್ಯಾರೇಜೊಂದರಲ್ಲಿ ತಾಮ್ರದ ಪೈಪು ಬೆಸೆಯುವುದು, ವ್ಯಾಕ್ಯೂಮ್ ಮಾಡಿ ಗ್ಯಾಸ್ ತುಂಬುವುದು ಎಲ್ಲ ಮಾಡಿಸಿ ನೋಡಿದರು. ಅದು ಇವರಿಗೆ ಊಟ ಮಾಡಿದಷ್ಟು ಸಲೀಸು. ಸಂಜೆ ಏಜೆಂಟ್ ಆಯ್ಕೆಯಾದವರನ್ನು ಕೂಗಿದ. ಇವರ ಹೆಸರು ಕೂಗಿದಾಗ ಇವರು ಒಂದು ಕ್ಷಣ ತಡೆದು ಕೈ ಎತ್ತಿದರು. ಬಸ್ಸಿನಲ್ಲಿ ನಗು ತಡೆಯಲಾಗದೆ ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ಕೂತೆವು.

ವೀಸಾ ಬಂತು, ಇವರು ಹೋದರು. ಮುಂಬಯಿ ವಿಮಾನ ನಿಲ್ದಾಣದಲ್ಲಿ ನಾನು ಅಳಲಿಲ್ಲ. ಮನೆಗೆ ಬಂದು ಟೇಪ್ ರೆಕಾರ್ಡರಿನಲ್ಲಿ ಉಳಿದಿದ್ದ ಕ್ಯಾಸೆಟ್ ಹಾಕಿದಾಗ ಅತ್ತೆ. ನನ್ನದೇ ದನಿ ಕೇಳಿ ಅಳುವವರು ನನ್ನ ಬಿಟ್ಟರೆ ಬೇರೆ ಯಾರೂ ಇರಲಾರರು.

ಪತ್ರದಲ್ಲಿ ಇವರು ತಮ್ಮ ಕೋಣೆಗಳಿದ್ದ ಕಟ್ಟಡದ ಫೋನ್ ನಂಬರು ಕಳಿಸಿದ್ದರು. ಶುಕ್ರವಾರ ರಜೆ, ಮಧ್ಯಾಹ್ನ ಮಾಡು ಎಂದಿದ್ದರು. ನಿಗಡಿ ಬಸ್ ನಿಲ್ದಾಣದ ಹತ್ತಿರದ ಐಎಸ್‌ಡಿ ಬೂತಿಗೆ ಮಗಳನ್ನು ಕರೆದುಕೊಂಡು ಹೋದೆ. ಗಾಜಿನ ಗೂಡಿನೊಳಗೆ ಹೊಕ್ಕು ನಂಬರು ಒತ್ತಿದೆ. ಆ ಕಡೆ ಯಾರೋ ಎತ್ತಿದರು, ನಾನು ಹಲೋ ಎಂದೆ. ದಪ್ಪ ಅರಬ್ಬಿ ದನಿ.

"ಮನ್ ತುರೀದೀನ್?"

ಯಾರು ಬೇಕು ಎಂದಿರಬೇಕು. ನನ್ನ ಹಾಳೆಯಲ್ಲಿ ಇದ್ದ ಶಬ್ದಗಳನ್ನೇ ಕೂಡಿಸಿ, ಚಾಚಾನಿಂದ ಕೇಳಿಕೊಂಡು ಬಂದ ಒಂದು ಶಬ್ದವನ್ನೂ ಸೇರಿಸಿ ಹೇಳಿದೆ. "ಉರೀದ್ ಝೌಜೀ." ನನ್ನ ಗಂಡ ಬೇಕು.

"ಮಾ ಇಸ್ಮುಹ್?"

ಅವನ ಹೆಸರೇನು. ನಾನು ಹಾರಿಸಿಕೊಂಡೇ ಬಂದಿದ್ದ ಪ್ರಶ್ನೆ ನನ್ನನ್ನೇ ಹುಡುಕಿಕೊಂಡು ಬಂದಿತ್ತು. ಮಗಳನ್ನು ತಿವಿಯೋಣವೆಂದರೆ ಅವಳು ಗಾಜಿನ ಹೊರಗೆ ಬರಣಿಯ ಚಾಕಲೇಟು ನೋಡುತ್ತಿದ್ದಳು. ತೋರಿಸಲು ರೇಷನ್ ಕಾರ್ಡೂ ಇಲ್ಲ. ಎದುರಿಗೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. "ತಾಈ, ಬೋಲಾ ನಾ!" ಎಂದು ಬೂತಿನವನು ಮರಾಠಿಯಲ್ಲಿ ಅವಸರ ಮಾಡಿದ. ಮಾತಾಡಿ ಅಕ್ಕಾ, ಅಂತ. ಒಡಪು ಕಟ್ಟಲು ಮೀಟರು ಬಿಡುವಂತಿರಲಿಲ್ಲ.

"ಮಾ ಇಸ್ಮುಹ್?" ಆ ದನಿ ಮತ್ತೆ ಕೇಳಿತು.

"ಇಸ್ಮುಹ್..." ಎಂದೆ. ತಲೆ ತಾನಾಗಿಯೇ ತಗ್ಗಿತು. ಒಂದು ಸಣ್ಣ ಕೆಮ್ಮು ಬಂತು. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ಪ್ರಾಸವಿಲ್ಲ, ಸೆರಗಿಲ್ಲ; ಹೆಸರಿಗೆ ಅಡ್ಡಹೆಸರೂ ಸೇರಿಸಿ, ಬೂತಿಗೆಲ್ಲ ಕೇಳುವ ಹಾಗೆ.

ಲೈನ್ ಕಟ್ಟಾಯಿತೇನೋ ಎಂದು ಹೆದರಿ ಹಲೋ ಎನ್ನಬೇಕು, ಅಷ್ಟರಲ್ಲಿ ಯಾರೋ ಮೂಗು ಒರೆಸಿಕೊಂಡಂತೆ ಕೇಳಿಸಿತು. ಆಮೇಲೆ ಆ ದಪ್ಪ ದನಿಯ ವೇಷ ಕಳಚಿ ನನಗೆ ಚೆನ್ನಾಗಿ ಗೊತ್ತಿದ್ದ ದನಿ ಬಂತು.

"ಇನ್ನೊಮ್ಮೆ ಹೇಳು," ಎಂದರು ಇವರು.